ಆರು ಪತ್ರಿಕೆಗಳ ಒಂದೇ ಸುದ್ದಿ

ದ್ರೌಪದಿಯ ಫೋನು ಬಂದಾಗ ಜ್ಞಾನದೇವ ನಿಪ್ಪಾಣಿ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕುಳಿತು ಎರಡನೇ ಚಹಾಕ್ಕೆ ಹೇಳಿದ್ದ. ಹೊತ್ತು ಒಂಬತ್ತೂವರೆ. ತಂಗಿ ಈ ಹೊತ್ತಿಗೆ ಫೋನು ಮಾಡುವವಳಲ್ಲ. ಐನಾಪುರದ ಅಂಗನವಾಡಿಯಲ್ಲಿ ಇಪ್ಪತ್ತೆರಡು ಮಕ್ಕಳನ್ನು ಸಾಲಾಗಿ ಕೂರಿಸಿ ಹಾಡು ಹೇಳಿಸುವ ಹೊತ್ತು ಅದು.

"ದಾದಾ, ನೀಲಮಗ ಬೆಳಿಗ್ಗಿಯಿಂದ ವಾಂತಿ ಆಗಾಕತ್ತೈತಿ. ನಾಕ ಸಲ ಆತು. ಉಸಿರು ಜೋರ್ ಜೋರ್ ಬಿಡಾಕತ್ತಾಳ."

"ಶುಗರ್ ನೋಡಿದ್ಯೇನು? ಎಷ್ಟೈತಿ?"

"ಮಷೀನ ಇಲ್ಲಿ ಗೇಟಿನ್ಯಾಗ ಇಸಗೊಂಡಾರ."

"ಯಾವ ಗೇಟ?"

ಅವಳು ಹೇಳಿದಳು. ಗಡಿಯಾಚೆ, ಮಿರಜಿನಿಂದ ಒಂದು ತಾಸಿನ ದಾರಿ, ಮಧುಮುಕ್ತಿ ಸಂಶೋಧನ ಪೀಠ. ಮೂರು ದಿನದ ಹಿಂದೆ ರಾತ್ರಿ ಗಂಡ ಸಂಭಾಜಿಯೂ ಅವಳೂ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದರು. ಒಳಗೆ ಬಿಡುವಾಗಲೇ ಶುಗರ್ ನೋಡುವ ಮಷೀನು, ಇನ್ಸುಲಿನ್ ಬಾಟಲಿ, ಸಿರಿಂಜು ಎಲ್ಲವನ್ನೂ ಚೀಲದಲ್ಲಿ ಕಟ್ಟಿಟ್ಟುಕೊಂಡಿದ್ದರಂತೆ. ಅಳೆಯುತ್ತಾ ಕೂತರೆ ಅಂಜಿಕೆ ಬರುತ್ತದೆ, ಅಂಜಿಕೆಯಿಂದಲೇ ಸಕ್ಕರೆ ಏರುತ್ತದೆ ಎಂದು ಹೇಳಿದರಂತೆ. ಮೊನ್ನೆ ಬೆಳಿಗ್ಗೆಯಿಂದ ಇನ್ಸುಲಿನ್ ಬಂದ್. ಬರಿ ಕಷಾಯ.

ಜ್ಞಾನದೇವ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು. ನೀಲಮಗೆ ಈಗ ಒಂಬತ್ತು ವರ್ಷ. ಆರನೇ ವರ್ಷಕ್ಕೆ ಅವಳಿಗೆ ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದು ಮಾತು ಹೇಳಿದ್ದರು: ದೊಡ್ಡವರ ಸಕ್ಕರೆ ಬೇರೆ, ಈ ಮಗುವಿನದು ಬೇರೆ. ಇವಳ ಮೈಯಲ್ಲಿ ಇನ್ಸುಲಿನ್ ತಯಾರೇ ಆಗುವುದಿಲ್ಲ. ಸೂಜಿ ನಿಂತರೆ ಎರಡು ಮೂರು ದಿನದಲ್ಲಿ ರಕ್ತ ವಿಷವಾಗುತ್ತದೆ. ಆ ಮಾತು ಕೇಳಿದ್ದ ದ್ರೌಪದಿಯೇ, ದಿನಕ್ಕೆ ಮೂರು ಬಾರಿ ಮಗಳ ತೊಡೆಗೆ ಸೂಜಿ ಚುಚ್ಚಿ ಆಮೇಲೆ ತಾನು ಹಿತ್ತಲಿಗೆ ಹೋಗಿ ಅಳುತ್ತಿದ್ದ ದ್ರೌಪದಿಯೇ, ಇವತ್ತು ಅಲ್ಲಿ ಕೂತಿದ್ದಳು.

"ತಲಿ ಕೆಟ್ಟೈತೇನ ನಿಂದು? ಈಗಿಂದೀಗ ಅಕೀನ್ನ ಎತಗೊಂಡ ಮಿರಜ್‌ಗೆ ಹೋಗ್ರಿ!"

"ವೈದ್ಯರು ಅಂತಾರ, ಇದು ಮೈಯಾಗಿನ ವಿಷ ಹೊರಗ ಬರೂದು ಅಂತ. ನಡುವ ಬಿಟ್ರ ಇದ್ದದ್ದೂ ಹೋಗತೈತಂತ. ಹಿಂಗ ಆಗತೈತಿ ಅಂತ ಮೊದಲ ಹೇಳಿದ್ರು."

"ಅಂವಾ ಹೇಳಿದಾ, ನೀ ನಂಬಿದಿ!"

ಆಗ ದ್ರೌಪದಿಯ ದನಿಯಲ್ಲಿ ಸ್ವಲ್ಪ ಸಿಟ್ಟು ಬಂತು. "ನಾ ಅವರ ವೆಬ್‌ಸೈಟ್ ನಂಬಿ ಬಂದಾಕಿ ಅಲ್ಲ ದಾದಾ. ನೀ ಹೇಳಿಕೊಟ್ಟಂಗ ಮಾಡೀನಿ. ಅದರ ಹೊರಗ ಬಂದು ನೆಟ್‌ನ್ಯಾಗ ಹುಡಕೀನಿ. ಆರು ಪೇಪರಿನ್ಯಾಗ ಬಂದೈತಿ. ಅದರಾಗ ಒಂದು ನೀನ ಬರದಿ. ನಿನ್ನ ಪೇಪರ ಅಷ್ಟ ಇದ್ರ ನಿನ್ನ ಕೇಳತಿದ್ದೆ. ಇನ್ನೂ ಐದು ಪೇಪರ್‌ನವರು ಅದನ್ನ ಹೇಳಿದ್ರು, ಮತ್ತ ಕೇಳೂದ್ಯಾಕ? ಅಕಿಗಿ ಆರಾಮ ಆದ ಮ್ಯಾಲ ಹೇಳಬೇಕಂತ ಇದ್ದೆ."

ನೆಟ್‌ವರ್ಕ್ ಹೋಯಿತು. ಜ್ಞಾನದೇವ ಫೋನು ಹಿಡಿದುಕೊಂಡೇ ನಿಂತಿದ್ದ.

ಈ ಆರು ಪತ್ರಿಕೆಗಳ ಗುಟ್ಟು ಹೇಳಬೇಕು. ನಿಪ್ಪಾಣಿಯಲ್ಲಿ ಕನ್ನಡ ಪತ್ರಿಕೆಗಳ ವರದಿಗಾರರು ಆರು ಜನ. ಒಬ್ಬೊಬ್ಬರಿಗೂ ಬೇರೆ ಹೊಟ್ಟೆಪಾಡು: ಒಬ್ಬನಿಗೆ ಝೆರಾಕ್ಸ್ ಅಂಗಡಿ, ಒಬ್ಬನಿಗೆ ವಿಮೆ ಏಜೆನ್ಸಿ, ಒಬ್ಬನಿಗೆ ತಂಬಾಕು ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸ. ಆರೂ ಜನ ಎಲ್ಲ ಕಾರ್ಯಕ್ರಮಕ್ಕೂ ಓಡಾಡುವುದು ಆಗದ ಮಾತು. ಹಾಗಾಗಿ ಒಂದು ವಾಡಿಕೆ. ಪಾಳಿಯ ಮೇಲೆ ಒಬ್ಬ ಹೋಗುತ್ತಾನೆ, ಸುದ್ದಿ ಟೈಪು ಮಾಡಿ ವಾಟ್ಸಾಪ್ ಗುಂಪಿಗೆ ಹಾಕುತ್ತಾನೆ. ಉಳಿದ ಐವರು ತಲೆಬರಹ ಬದಲಿಸಿ, ಮೊದಲ ಸಾಲು ಕೊನೆಗೆ, ಕೊನೆಯ ಸಾಲು ಮೊದಲಿಗೆ ಮಾಡಿ ತಮ್ಮ ತಮ್ಮ ಪತ್ರಿಕೆಗೆ ಕಳಿಸುತ್ತಾರೆ. ಮರುದಿನ ಆರು ಪತ್ರಿಕೆ ಬಿಡಿಸಿದರೆ ಆರು ಸುದ್ದಿ. ಯಾರಿಗೂ ಇದರಲ್ಲಿ ತಪ್ಪು ಕಂಡಿರಲಿಲ್ಲ. ಪುರಸಭೆಯ ಗಟಾರ ಉದ್ಘಾಟನೆಯನ್ನು ಆರು ಬಗೆಯಲ್ಲಿ ಬರೆದು ಉದ್ಧಾರವಾಗುವುದಾದರೂ ಯಾರು?

ಎರಡು ತಿಂಗಳ ಹಿಂದೆ ಮಧುಮುಕ್ತಿಯವರು ನಿಪ್ಪಾಣಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಶಿಬಿರ ಮಾಡಿದ ದಿನ ಪಾಳಿ ಜ್ಞಾನದೇವನದು.

ಅವನು ಹೋದದ್ದು ಉಪ್ಪಿಟ್ಟು ಚಹಾ ಮುಗಿದ ಮೇಲೆ. ಹೆದ್ದಾರಿಯ ಅಪಘಾತದ ಸುದ್ದಿಗೆ ಹೋಗಿ ತಡವಾಗಿತ್ತು. ಸಂಘಟಕರು ಎರಡು ಪುಟದ ಅಚ್ಚಾದ ಟಿಪ್ಪಣಿಯನ್ನೂ ಸೈಟಿನ ವಿಳಾಸವನ್ನೂ ಕೈಗಿಟ್ಟರು. ಮೆಟ್ಟಿಲ ಮೇಲೆ ಕೂತು ಅದನ್ನೇ ಬಟ್ಟಿ ಇಳಿಸಿದ. ತನ್ನದೂ ಇರಲಿ ಎಂದು "ಗುಣಮುಖರಾದವರ ಮುಖದಲ್ಲಿ ನಗು ಅರಳಿತ್ತು" ಎಂದು ಒಂದು ಸಾಲು ಸೇರಿಸಿದ. ಒಬ್ಬ ರೋಗಿಯ ಮುಖವನ್ನೂ ಅವನು ನೋಡಿರಲಿಲ್ಲ. ಸಭಾಂಗಣದಲ್ಲಿ ಆಗ ಕುರ್ಚಿ ಮಡಚುವವರು ಮಾತ್ರ ಇದ್ದರು.

ಇದೇ ಜ್ಞಾನದೇವ ಅದರ ಹಿಂದಿನ ದೀಪಾವಳಿಗೆ ಬೆಳಗಾವಿಯಲ್ಲಿ ಎರಡು ದಿನದ ತರಬೇತಿ ಮುಗಿಸಿ ಬಂದು ತಂಗಿಯ ಮನೆಯಲ್ಲಿ ದೊಡ್ಡ ಪಾಠ ಹೇಳಿದ್ದ. ಒಂದು ಸೈಟು ಖರೆಯೋ ಸುಳ್ಳೋ ಅದರೊಳಗೆ ಕೂತು ಓದಿದರೆ ತಿಳಿಯುವುದಿಲ್ಲ, ತನ್ನ ಬಗ್ಗೆ ಕೆಟ್ಟದ್ದನ್ನು ಯಾರೂ ಬರೆದುಕೊಳ್ಳುವುದಿಲ್ಲ. ಹೊರಗೆ ಬರಬೇಕು, ಪಕ್ಕದಲ್ಲಿ ಹೊಸ ಪುಟ ತೆರೆಯಬೇಕು, ಹೇಳುವವರು ಯಾರು, ಅವರ ಬಗ್ಗೆ ಬೇರೆಯವರು ಏನನ್ನುತ್ತಾರೆ ಎಂದು ಹುಡುಕಬೇಕು. ದ್ರೌಪದಿ ಲಾಡು ಕಟ್ಟುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಕಲಿತಳು. ಕಲಿಸಿದವನು ಮೆಟ್ಟಿಲ ಮೇಲೆ ಕೂತು ನಕಲು ಮಾಡಿದ.

ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಸಂಭಾಜಿ. ಸಕ್ಕರೆ ಕಾರ್ಖಾನೆಯಲ್ಲಿ ಟೈಮ್ ಕೀಪರ್, ಮಾತು ಕಡಿಮೆ, ಹಟ ಜಾಸ್ತಿ.

"ಭಾವಾ, ದ್ರೌಪದಿಗಿ ಅಂಜಸಬ್ಯಾಡ್ರಿ. ಇನ್ನ ನಾಕ ದಿನ ತಡಕೊಂಡ್ರ ಜಲ್ಮಪೂರ್ತಿ ಸೂಜಿ ತಪ್ಪತೈತಿ. ಇವರು ಸುಳ್ಳು ಅನ್ನಾಕ ನಿಮ್ಮ ಕಡೆ ಏನೈತಿ ತೋರಸ್ರಿ. ಸುಮ್ಮ ಬಾಯಿಮಾತ ಬ್ಯಾಡ."

"ದಾಜಿ," ಎಂದ ಜ್ಞಾನದೇವ. ತಂಗಿಯ ಗಂಡನನ್ನು ಅವನು ಹಾಗೆ ಕರೆಯುವುದು. "ತೋರಸ್ತೀನಿ. ಅಲ್ಲೀತನಕ ಅಕಿಗಿ ಇನ್ಸುಲಿನ್ ಆದರೂ..."

"ಮೊದಲ ತೋರಸ್ರಿ."

ಜ್ಞಾನದೇವ ಹೋಟೆಲಿನ ಪಕ್ಕದ ಝೆರಾಕ್ಸ್ ಅಂಗಡಿಗೆ ನುಗ್ಗಿದ. ಅದು ಗೆಳೆಯ ಭರಮುವಿನದು, ಆರು ಜನರಲ್ಲಿ ಅವನೂ ಒಬ್ಬ. ಏಳು ಏಳು ಎಂದು ಅವನನ್ನು ಎಬ್ಬಿಸಿ ಕಂಪ್ಯೂಟರಿನ ಮುಂದೆ ಕೂತ.

ಮೊದಲು ತೆರೆದದ್ದು ಪೀಠದ ಸೈಟನ್ನೇ. ಬೆಳ್ಳಗಿನ ಕೋಟು ತೊಟ್ಟವರು, ಪ್ರಮಾಣಪತ್ರಗಳು, ಹನ್ನೆರಡು ಸಾವಿರ ಜನ ಗುಣಮುಖ ಎಂಬ ಅಂಕಿ, ಅಂತರರಾಷ್ಟ್ರೀಯ ಪ್ರಶಸ್ತಿ. ಎಲ್ಲಿಯಾದರೂ ಒಂದು ತಪ್ಪು ಸಿಕ್ಕೀತೆಂದು ಒಂದೊಂದೇ ಪುಟ ಓದುತ್ತಾ ಹೋದ. ಹತ್ತು ನಿಮಿಷ ಹೋದವು. ಓದಿದಷ್ಟೂ ಅದು ಖರೆ ಎನಿಸತೊಡಗಿತು! ತಾನೇ ಹೇಳಿಕೊಟ್ಟದ್ದನ್ನು ತಾನೇ ಮರೆತು ಅವರ ಮನೆಯೊಳಗೆ ಕೂತು ಅವರ ಮಾತನ್ನೇ ಕೇಳುತ್ತಿದ್ದ. ಅಲ್ಲಿ ಮಗು ಏದುಸಿರು ಬಿಡುತ್ತಿದೆ.

ಹೊಸ ಪುಟ ತೆರೆದು ಪೀಠದ ಹೆಸರನ್ನು ಕನ್ನಡದಲ್ಲಿ ಹೊಡೆದ. ಸಾಲಾಗಿ ಬಂದವು, ಆರು ಪತ್ರಿಕೆ. ಆರೂ ಕಡೆ ಮುಖದಲ್ಲಿ ನಗು ಅರಳಿತ್ತು. ಕೆಳಗೆ ಎರಡು ಆರೋಗ್ಯದ ಬ್ಲಾಗುಗಳು, ಅವೂ "ಪತ್ರಿಕೆಯೊಂದರ ವರದಿಯ ಪ್ರಕಾರ" ಎಂದು ಅದನ್ನೇ ಎತ್ತಿಕೊಂಡಿದ್ದವು. ಎಂಟು ಬಾಯಿ, ಮಾತು ಒಬ್ಬನದೇ. ತಂಗಿ ನೋಡಿದ್ದು ಇದನ್ನು.

ತನ್ನ ವರದಿಯನ್ನು ಅವನು ಆಗ ಮೊದಲ ಸಲ ಪೂರ್ತಿ ಓದಿದ. ಮೂರನೇ ಪ್ಯಾರಾದಲ್ಲಿ ಇತ್ತು: "ಇನ್ಸುಲಿನ್ ಅವಲಂಬಿತ ಮಕ್ಕಳೂ ಇಲ್ಲಿ ಗುಣಮುಖರಾಗಿದ್ದಾರೆ." ಟಿಪ್ಪಣಿಯಿಂದ ಎತ್ತಿ ಅಂಟಿಸಿದ ಸಾಲು. ಅಂಟಿಸುವಾಗ ಕಣ್ಣು ಆಡಿಸಿರಲಿಲ್ಲ, ಆಡಿಸಿದ್ದರೆ ನೀಲಮ ನೆನಪಾಗುತ್ತಿದ್ದಳು. ಅವನಿಗೆ ತನ್ನ ಕೈಯನ್ನೇ ಕಡಿದುಕೊಳ್ಳಬೇಕು ಎನಿಸಿತು.

ಇಂಗ್ಲಿಷಿನಲ್ಲಿ ಹುಡುಕಿದ. ಪೀಠದ್ದೇ ವಿಡಿಯೊಗಳು, ಪೀಠದ್ದೇ ಪುಟಗಳು. ಪ್ರಶಸ್ತಿ ಕೊಟ್ಟವರು ಯಾರು ಎಂದು ಅವರ ಹೆಸರು ಹೊಡೆದ. ಅರ್ಜಿ ಹಾಕಿ ಶುಲ್ಕ ಕಟ್ಟಿದ ಯಾರಿಗೂ ಪ್ರಶಸ್ತಿ ಕೊಡುವ ಸಂಸ್ಥೆ ಎಂದು ಒಂದು ದಿನಪತ್ರಿಕೆ ಬಯಲು ಮಾಡಿತ್ತು. ಒಂದು ಎಳೆ ಸಿಕ್ಕಿತು, ಆದರೆ ಪ್ರಶಸ್ತಿ ಸುಳ್ಳೆಂದು ತೋರಿಸಿದ ಮಾತ್ರಕ್ಕೆ ಸಂಭಾಜಿ ಹಟ ಬಿಡುವವನಲ್ಲ.

"ಭರಮು, ಈ ವೈದ್ಯ ಎಲ್ಲಿಯಾಂವ?"

"ಗಡಿ ಆಕಡೆಯಾಂವ. ಈ ವಿಡಿಯೊದಾಗ ಮರಾಠಿಯೊಳಗ ಮಾತಾಡಾಕತ್ತಾನಲ್ಲ," ಎಂದ ಭರಮು. ತಟ್ಟನೆ ತಿರುಗಿ, "ಮತ್ತ ಕನ್ನಡದಾಗ ಯಾಕ ಹುಡುಕಾಕತ್ತಿ? ಅಂವನ ಕೈಯಾಗ ಸಿಕ್ಕವರು ಬೊಬ್ಬಿ ಹೊಡದಿದ್ರ ಮರಾಠಿಯೊಳಗ ಹೊಡದಿರತಾರ," ಎಂದ.

ಜ್ಞಾನದೇವನ ಮನೆಮಾತು ಮರಾಠಿ. ತಂಗಿಯದೂ ಅದೇ. ಆದರೆ ಹಿರಿಯರೊಡನೆ ಮರಾಠಿ, ತಮ್ಮೊಳಗಿನ ಮಾತಿಗೂ ಬರವಣಿಗೆಗೂ ಕನ್ನಡ ಎಂದು ಚಿಕ್ಕಂದಿನಿಂದ ರೂಢಿಯಾದ ಇಬ್ಬರಿಗೂ ಮರಾಠಿಯಲ್ಲಿ ಹುಡುಕಬೇಕೆಂದು ಹೊಳೆದಿರಲಿಲ್ಲ. ಪೀಠದ ಹೆಸರಿಗೆ ಏನೂ ಬರಲಿಲ್ಲ. ಪೀಠ ಹೊಸದು, ವೈದ್ಯ ಹಳಬ. ಸೈಟಿನಲ್ಲಿದ್ದ ವೈದ್ಯನ ಹೆಸರನ್ನೂ ಅವನ ಊರನ್ನೂ ಮರಾಠಿ ಅಕ್ಷರಗಳಲ್ಲಿ ಹೊಡೆದ.

ಮೂರನೆಯದೇ ಸಿಕ್ಕಿತು. ಎರಡು ವರ್ಷದ ಹಿಂದಿನ ಸುದ್ದಿ. ಬೇರೆ ಜಿಲ್ಲೆ, ಸಂಸ್ಥೆಗೆ ಬೇರೆ ಹೆಸರು. ಹನ್ನೊಂದು ವರ್ಷದ ಹುಡುಗನಿಗೆ ಇನ್ಸುಲಿನ್ ನಿಲ್ಲಿಸಿ ಕಷಾಯ ಕೊಟ್ಟಿದ್ದರು. ನಾಲ್ಕನೇ ದಿನ ಹುಡುಗ ಸತ್ತಿದ್ದ. ಸರ್ಕಾರದ ಔಷಧ ನಿಯಂತ್ರಣ ಇಲಾಖೆಯವರು ದಾಳಿ ಮಾಡಿ ಬೀಗ ಹಾಕಿದ್ದರು.

ಭರಮು ಕಳಿಸು ಕಳಿಸು ಎಂದ. ಜ್ಞಾನದೇವನ ಬೆರಳು ತಡೆಯಿತು. ಇದೂ ಒಬ್ಬನೇ ಬರೆದು ಹಂಚಿದ್ದಾದರೆ? ಅದೇ ಹೆಸರಿನ ಬೇರೆ ವೈದ್ಯನಾದರೆ? ಸಂಭಾಜಿ ಒಂದು ತಪ್ಪು ಹಿಡಿದರೂ ಸಾಕು, ಮುಂದಿನ ಮಾತು ಕೇಳುವುದಿಲ್ಲ. ಇನ್ನೊಂದು ಪತ್ರಿಕೆ ಹುಡುಕಿ ತೆಗೆದ. ಅದರ ವರದಿಗಾರ ಸತ್ತ ಹುಡುಗನ ಮನೆಗೆ ಹೋಗಿ ತಂದೆಯನ್ನು ಮಾತಾಡಿಸಿದ್ದ, ಪೊಲೀಸ್ ಅಧಿಕಾರಿಯ ಹೆಸರು ಹಾಕಿದ್ದ, ವೈದ್ಯನ ಫೋಟೊ ಹಾಕಿದ್ದ. ಬೇರೆ ಮಾತು, ಬೇರೆ ವಿವರ, ಸಂಗತಿ ಅದೇ. ಫೋಟೊದಲ್ಲಿದ್ದವನು ಪೀಠದ ಸೈಟಿನಲ್ಲಿ ಕೈಮುಗಿದು ನಿಂತವನೇ. ಎಡ ಹುಬ್ಬಿನ ಮೇಲಿನ ಗಾಯದ ಗುರುತೂ ಸರಿಹೊಂದಿತು. ಕೊನೆಗೆ ಮಕ್ಕಳ ಸಕ್ಕರೆ ಕಾಯಿಲೆಯ ವೈದ್ಯರ ಸಂಘದ ಪುಟವೊಂದನ್ನು ತೆಗೆದ: ಇಂಥ ಮಕ್ಕಳಿಗೆ ಇನ್ಸುಲಿನ್ ಯಾವ ಕಾರಣಕ್ಕೂ ನಿಲ್ಲಿಸಬಾರದು, ವಾಂತಿ, ಹೊಟ್ಟೆನೋವು, ಜೋರು ಉಸಿರು ಬಂದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಎಲ್ಲವನ್ನೂ ಸಂಭಾಜಿಗೆ ಕಳಿಸಿ ಫೋನು ಹಚ್ಚಿದ. ಹತ್ತೂ ಮುಕ್ಕಾಲು.

ಸಂಭಾಜಿ ಓದುವುದಕ್ಕೆ ಹೊತ್ತು ತೆಗೆದುಕೊಂಡ. ಹಿಂದೆ ನೀಲಮ ನರಳುವುದು ಕೇಳಿಸುತ್ತಿತ್ತು.

"ಭಾವಾ, ಇದು ಎರಡ ವರ್ಷದ ಹಿಂದಿಂದು. ಆಗ ತಪ್ಪಿರಬೇಕು, ಈಗ ಸುಧಾರಿಸಿರಬೇಕು. ನೀವ ಎರಡ ಪೇಪರ ಕಳಿಸೀರಿ. ಇವರ ಪರವಾಗಿ ಆರು ಪೇಪರ ಅದಾವು. ಅವೂ ಈಗಿನವು. ನಾ ಯಾವುದನ್ನ ನಂಬಲಿ?"

ಇದಕ್ಕೆ ಒಂದೇ ಉತ್ತರ ಇತ್ತು. ಹನ್ನೊಂದು ವರ್ಷ ವರದಿಗಾರನೆಂದು ಮೆರೆದ ಮರ್ಯಾದೆಯನ್ನು ತಂಗಿಯ ಗಂಡನ ಮುಂದೆ ಮಣ್ಣುಪಾಲು ಮಾಡುವ ಉತ್ತರ. ಭರಮು ಮುಖ ಬೇರೆ ಕಡೆ ತಿರುಗಿಸಿಕೊಂಡ.

"ದಾಜಿ, ಆರು ಅಲ್ಲ. ಆರೂ ನಾನ. ನಾ ಬರದದ್ದನ್ನ ಉಳದ ಐದ ಮಂದಿ ತಲಿಬರಹ ಬದಲಿ ಮಾಡಿ ಹಾಕ್ಯಾರ. ನಮ್ಮಲ್ಲಿ ಹಿಂಗ ನಡೀತೈತಿ."

"ಆತು, ನೀವರೆ ನೋಡಿ ಬರದೀರಲ್ಲ?"

"ಇಲ್ಲ. ನಾ ಹೋಗೂದ್ರಾಗ ಮಂದಿ ಎದ್ದು ಹೋಗಿದ್ರು. ಅವರ ಕೊಟ್ಟ ಕಾಗದ ನೋಡಿ ಇಳಿಸೀನಿ. ಒಬ್ಬ ರೋಗೀನ್ನೂ ನೋಡಿಲ್ಲ. ನಕ್ಕವರ ಮುಖ ನಾ ಹುಟ್ಟಿಸಿದ್ದು, ದಾಜಿ. ಕಾಲ ಬೀಳತೀನಿ, ಅಕೀನ್ನ ಎತಗೋರಿ."

ಆಮೇಲೆ ದ್ರೌಪದಿಯ ದನಿ ಬಂತು. ಫೋನಿಗೆ ಕಿವಿಗೊಟ್ಟು ಕೇಳಿಸಿಕೊಂಡಿದ್ದಳು.

"ಖರೇನ?"

"ಖರೆ."

ಫೋನು ಕಟ್ಟಾಯಿತು.

ಸಂಭಾಜಿ ಗೇಟಿನವರನ್ನು ನೂಕಿ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಹೊರಗೆ ಬಂದನೆಂದೂ, ರಸ್ತೆಯವರೆಗೆ ಒಂದು ಮೈಲಿ ಓಡಿದನೆಂದೂ, ಕಾಯಿಪಲ್ಯ ಸಾಗಿಸುವ ಟಮ್‌ಟಮ್ ಆಟೊ ಒಂದನ್ನು ಅಡ್ಡಗಟ್ಟಿ ಮಿರಜಿಗೆ ಒಯ್ದನೆಂದೂ ಜ್ಞಾನದೇವನಿಗೆ ಆಮೇಲೆ ತಿಳಿಯಿತು. ಅವನು ಭರಮುವಿನ ಮೋಟಾರ್ ಸೈಕಲ್ ಹತ್ತಿ ಚಿಕ್ಕೋಡಿ, ಅಂಕಲಿ, ಕಾಗವಾಡ ದಾಟಿ ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ನೀಲಮ ಐಸಿಯುನಲ್ಲಿದ್ದಳು. ಗಾಜಿನ ಆಚೆ ಎರಡೂ ಕೈಗೆ ನಳಿಕೆ, ಸಣ್ಣ ಎದೆ ಏರುತ್ತಾ ಇಳಿಯುತ್ತಾ ಇತ್ತು. ಮಿದುಳಿಗೆ ಬಾವು ಬಂದಿದೆಯೆಂದು ಡಾಕ್ಟರರ ಸಂಶಯ. ನಾಳೆಯವರೆಗೆ ಏನೂ ಹೇಳಲಾಗದು ಎಂದರು. ಅರ್ಧ ದಿನ ಮೊದಲು ತಂದಿದ್ದರೆ ಎಂದು ಶುರು ಮಾಡಿ ತಾಯಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ದ್ರೌಪದಿ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಳು. ಜ್ಞಾನದೇವ ಪಕ್ಕದಲ್ಲಿ ಕೂತ. ಅವಳು ಎದ್ದು ಎದುರಿನ ಬೆಂಚಿಗೆ ಹೋದಳು.

ಅವನು ಸಂಪಾದಕರಿಗೆ ಫೋನು ಮಾಡಿದ. ವರದಿ ತಪ್ಪು, ಸೈಟಿನಿಂದ ತೆಗೆಯಿರಿ, ತಪ್ಪೊಪ್ಪಿಗೆ ಹಾಕಿ ಎಂದ. ನೋಡೋಣ, ಮೇಲಿನವರನ್ನು ಕೇಳಬೇಕು, ಅವರ ಜಾಹೀರಾತು ಬೇರೆ ಬರುತ್ತಿದೆ ಎಂದರು ಸಂಪಾದಕರು. ಗುಂಪಿನಲ್ಲಿ ಉಳಿದವರಿಗೂ ಅದನ್ನೇ ಬರೆದ. ಭರಮು ಒಬ್ಬ ಆಗಲಿ ಎಂದ. ಮಿಕ್ಕ ನಾಲ್ವರೂ ಓದಿ ಸುಮ್ಮನಾದರು.

ನಾಲ್ಕೂವರೆಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಜ್ಞಾನದೇವ ಅವರೇನ್ರಿ? ನಾನು ರಾಯಬಾಗದಿಂದ ಸಿದ್ದಲಿಂಗ ಅಂತ್ರಿ. ಪೇಪರ್ ಆಫೀಸಿನ್ಯಾಗ ನಿಮ್ಮ ನಂಬರ್ ಕೊಟ್ರು. ನನ್ನ ಮಗನಿಗಿ ಏಳ ವರ್ಷ್ರಿ, ದಿನಾ ಸೂಜಿ. ಆ ಮಧುಮುಕ್ತಿಗೆ ಹೋಗೂ ದಾರಿ ಹೆಂಗ್ರಿ?"

"ಹೋಗಬ್ಯಾಡ್ರಿ." ಜ್ಞಾನದೇವ ಎದ್ದು ನಿಂತ. "ಅದು ಸುಳ್ಳರಿ. ನಾ ಬರದದ್ದು ಸುಳ್ಳ."

"ಆರು ಪೇಪರಿನ್ಯಾಗ ಬಂದೈತಲ್ರಿ. ನಾ ಪೂರಾ ಹುಡಕೀನಿ."

"ಆರೂ ಒಂದ ರೀ."

"ಸುಳ್ಳ ಅಂತ ಯಾವ ಪೇಪರಿನ್ಯಾಗ ಐತಿ, ಹೇಳ್ರಿ, ನೋಡತೀನಿ."

"ಕನ್ನಡದಾಗ ಇನ್ನೂ ಇಲ್ರಿ. ಮರಾಠಿಯೊಳಗ ಐತಿ, ಕಳಸ್ತೀನಿ."

"ನನಗ ಮರಾಠಿ ಓದಾಕ ಬರಂಗಿಲ್ರಿ." ಆ ಮನುಷ್ಯನ ದನಿ ತಣ್ಣಗಾಯಿತು. "ನಿಮಗ ಅವರ ಕೂಡ ಏನರೆ ಜಗಳ ಆಗೈತೇನ್ರಿ? ಹೋಗ್ಲಿ ಬಿಡ್ರಿ, ನಾ ಬ್ಯಾರೆಯವರಿಗೆ ಕೇಳತೀನಿ."

"ಇಡಬ್ಯಾಡ್ರಿ, ಇಡಬ್ಯಾಡ್ರಿ!" ಜ್ಞಾನದೇವ ಕೂಗಿದ. ದಾರಿಯಲ್ಲಿ ಹೋಗುತ್ತಿದ್ದ ನರ್ಸು ತಿರುಗಿ ನೋಡಿದಳು. ಅವನು ಏನು ಹೇಳಿದರೂ ಅದು ಅವನೊಬ್ಬನ ಮಾತು, ಮತ್ತು ಅವನ ಮಾತಿಗೆ ಈಗ ಕವಡೆಯ ಬೆಲೆ ಇರಲಿಲ್ಲ.

ದ್ರೌಪದಿ ಎದ್ದು ಬಂದು ಅವನ ಕೈಯಿಂದ ಫೋನು ತೆಗೆದುಕೊಂಡಳು.

"ಕೇಳ್ರಿ ಅಣ್ಣಾರ. ನಾನು ಐನಾಪುರದಾಕಿ, ಅಂಗನವಾಡಿ ಟೀಚರ್. ಅವನ್ನೆಲ್ಲ ಓದಿ ಮಗಳನ್ನ ಅಲ್ಲಿಗಿ ಕರಕೊಂಡ ಹೋಗಿದ್ದೆ. ಎರಡ ದಿನ ಸೂಜಿ ನಿಲ್ಲಿಸಿದ್ರು. ಈಗ ಐಸಿಯುದಾಗ ಅದಾಳ, ಕಣ್ಣ ತಗದಿಲ್ಲ. ನನ್ನ ಮಾತೂ ನಂಬಬ್ಯಾಡ್ರಿ. ಮಿರಜ್‌ಗೆ ಬರ್ರಿ. ಬಂದು ಅಕೀನ್ನ ನೋಡ್ರಿ. ನೋಡಿದ ಮ್ಯಾಲೂ ಹೋಗಬೇಕ ಅನಿಸಿದ್ರ ಹೋಗ್ರಿ."

ಆಸ್ಪತ್ರೆಯ ಹೆಸರು, ಮಹಡಿ, ಹಾಸಿಗೆಯ ನಂಬರು ಒಂದೊಂದಾಗಿ ಹೇಳಿದಳು. ಆ ಕಡೆಯವನು ಬರೆದುಕೊಳ್ಳುತ್ತಿರಬೇಕು, ಎರಡೆರಡು ಸಲ ಹೇಳಿದಳು. ನಾಳೆ ಮುಂಜಾನೆ ಮೊದಲ ಬಸ್ಸಿಗೆ ಬರುತ್ತೇನೆ ಎಂದು ಅವನು ಅಂದದ್ದು ಜ್ಞಾನದೇವನಿಗೂ ಕೇಳಿಸಿತು.

"ಲಗೂನ ಬರ್ರಿ," ಎಂದಳು ದ್ರೌಪದಿ. "ನಾಳೆ ಅಕಿ ಇರತಾಳೋ ಇಲ್ಲೋ."

ಫೋನನ್ನು ಅಣ್ಣನ ಮುಖ ನೋಡದೆ ಅವನ ಕೈಗಿಟ್ಟು, ಹೋಗಿ ಗಾಜಿಗೆ ಹಣೆ ಹಚ್ಚಿ ನಿಂತಳು.